ಹೆಸರು ಹಾಗೇ ಇರಲಿ, ಬಟ್ಟೆ ಮಾತ್ರ ನೀಲಿಯಾಗಲಿ: ಪ್ರಿಂಟು, ಕಸೂತಿ ಇರುವ ಟಿ-ಶರ್ಟಿಗೆ ಬಣ್ಣ ಹಾಕುವ ಬಗೆ

ಅಣ್ಣನ ಮಗಳು ಒಂದು ಟಿ-ಶರ್ಟ್ ತಂದು ಮೇಜಿನ ಮೇಲೆ ಹರಡಿದಳು. ಕಾಲೇಜಿನ ಕನ್ನಡ ಸಂಘದ್ದು. ಕೆನೆಬಣ್ಣದ ಬಟ್ಟೆ. ಎದೆಯ ಮೇಲೆ ದಪ್ಪ ಕೆಂಪು ಅಕ್ಷರದಲ್ಲಿ ಸಂಘದ ಹೆಸರು, ಬೆನ್ನ ಮೇಲೆ ಆ ವರ್ಷದವರೆಲ್ಲರ ಹೆಸರು ಸಣ್ಣ ಕಪ್ಪು ಅಕ್ಷರದಲ್ಲಿ, ಎಡತೋಳಿನಲ್ಲಿ ಬಿಳಿ ದಾರದ ಮಷೀನ್ ಕಸೂತಿಯ ಪುಟ್ಟ ಲಾಂಛನ. ಹೊಟ್ಟೆಯ ಹತ್ತಿರ ಅಂಗೈಯಗಲ ಚಹಾ ಕಲೆ.

"ಚಿಕ್ಕಪ್ಪ, ಇದನ್ನ ನೇವಿ ಬ್ಲೂ ಮಾಡ್ಕೊಡಿ. ಆದ್ರೆ ಒಂದು ಹೆಸರೂ ಹೋಗ್ಬಾರ್ದು."

ಗಾರ್ಮೆಂಟ್ಸ್ ಒಂದರ ಸ್ಯಾಂಪಲ್ ವಿಭಾಗದಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದವನು ನಾನು. ಹಾಗಾಗಿ ಮನೆಯಲ್ಲಿ ಯಾರ ಬಟ್ಟೆಗೆ ಏನಾದರೂ ಅದು ನನ್ನ ಮೇಜಿಗೇ ಬರುತ್ತದೆ. ಇಂಥ ಕೆಲಸ ಕೇಳಿದ ಕೂಡಲೇ ಎಲ್ಲರಿಗೂ ಹೊಳೆಯುವುದು ಒಂದೇ ಉಪಾಯ: ಅಕ್ಷರದ ಮೇಲೆ ಟೇಪ್ ಅಂಟಿಸೋಣ, ವ್ಯಾಸಲೀನ್ ಸವರೋಣ, ಮೇಣ ಹಚ್ಚೋಣ, ಆಮೇಲೆ ಬಣ್ಣದಲ್ಲಿ ಅದ್ದೋಣ. ಮಾಡಿ ನೋಡಿದವರಿಗೆ ಗೊತ್ತು. ಟೇಪ್ ನೀರಿನಲ್ಲಿ ಐದು ನಿಮಿಷಕ್ಕೆ ಎದ್ದು ಬರುತ್ತದೆ. ವ್ಯಾಸಲೀನ್ ಅಕ್ಷರದಾಚೆಗೆ ಹರಡಿ, ಹರಡಿದಲ್ಲೆಲ್ಲ ಬಟ್ಟೆಗೆ ಬಣ್ಣ ಹಿಡಿಯದೆ ಮೋಡದಂಥ ಬಿಳಿ ಅಂಚು ಉಳಿಯುತ್ತದೆ. ಮುಂದಿನಿಂದ ಎಷ್ಟು ಮುಚ್ಚಿದರೂ ಬಟ್ಟೆಯ ಹಿಂಬದಿ ತೆರೆದೇ ಇರುತ್ತದೆ, ಬಣ್ಣ ಅಲ್ಲಿಂದ ಬರುತ್ತದೆ.

ಬಟ್ಟೆಗೆ ಹಿಡಿಯುವ, ಆದರೆ ಅಕ್ಷರಕ್ಕೂ ಕಸೂತಿ ದಾರಕ್ಕೂ ಹಿಡಿಯದ ಬಣ್ಣವನ್ನು ಆರಿಸಿಕೊಂಡರೆ ಮುಚ್ಚುವ ಕೆಲಸವೇ ಇಲ್ಲ. ಹತ್ತಿಗೆ ಅಂಥದ್ದೊಂದು ಬಣ್ಣ ಇದೆ: ರಿಯಾಕ್ಟಿವ್ ಡೈ. ಹತ್ತಿಯ ನಾರು ಸೆಲ್ಯುಲೋಸ್. ಸೋಡಾದ ಕ್ಷಾರ ಸಿಕ್ಕಾಗ ಈ ಬಣ್ಣದ ಕಣಗಳು ಸೆಲ್ಯುಲೋಸಿನ ಜತೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತವೆ. ಪಾಲಿಯೆಸ್ಟರ್ ದಾರದಲ್ಲಾಗಲಿ, ರಬ್ಬರಿನಂತೆ ಕೂತ ಪ್ರಿಂಟಿನಲ್ಲಾಗಲಿ ಸೆಲ್ಯುಲೋಸ್ ಇಲ್ಲ. ಅಲ್ಲಿ ಬಣ್ಣಕ್ಕೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ, ತೊಳೆದಾಗ ಹೋಗುತ್ತದೆ. ಇನ್ನೊಂದು ಅನುಕೂಲ, ಇದರಲ್ಲಿ 'ಕೋಲ್ಡ್ ಬ್ರ್ಯಾಂಡ್' ಎಂಬ ಬಗೆಗೆ ಕುದಿಸುವುದು ಬೇಡ, ಉಗುರುಬೆಚ್ಚಗಿನ ನೀರು ಸಾಕು. ಇಂಗ್ಲೆಂಡಿನ ಐಸಿಐ ಕಂಪನಿ 1956ರಲ್ಲಿ ಪ್ರೋಸಿಯಾನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಬಣ್ಣಗಳ ವಂಶದವು ಇವು. ಬಾಟಿಕ್ ಮಾಡುವವರೂ ಇವನ್ನು ಬಳಸುತ್ತಾರೆ, ಬಿಸಿನೀರಿಗೆ ಹಾಕಿದರೆ ಅವರ ಮೇಣ ಕರಗಿ ಹೋಗುತ್ತದಲ್ಲ.

ಬೀದಿಯ ಡೈಯಿಂಗ್ ಅಂಗಡಿಗೆ ಕೊಡುವುದು ಬೇಡ ಎನ್ನುವುದೂ ಇದೇ ಕಾರಣಕ್ಕೆ. ಅಲ್ಲಿ ಸಾಮಾನ್ಯವಾಗಿ ಹಂಡೆಯಲ್ಲಿ ಕುದಿಸಿ ಬಣ್ಣ ಹಾಕುತ್ತಾರೆ. ಸೀರೆಗೆ, ಪಂಚೆಗೆ ಅದು ಸರಿ. ರಬ್ಬರ್ ಪ್ರಿಂಟು ಕುದಿವ ನೀರಿನಲ್ಲಿ ಮೆತ್ತಗಾಗಿ, ಮಡಿಕೆಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಬಿಡಿಸಿದರೆ ಅರ್ಧ ಅಕ್ಷರ ಈ ಕಡೆ, ಅರ್ಧ ಆ ಕಡೆ.

ಮೊದಲು ಬಟ್ಟೆಯನ್ನು ಓದಿ

ಬಕೆಟ್ ತೆಗೆಯುವ ಮೊದಲು ಅರ್ಧ ಗಂಟೆ ಟಿ-ಶರ್ಟನ್ನು ಬೆಳಕಿಗೆ ಹಿಡಿದು ಕೂರಬೇಕು. ಗೆಲುವು ಸೋಲು ತೀರ್ಮಾನವಾಗುವುದು ಇಲ್ಲೇ. ನೋಡಬೇಕಾದ್ದು ಮೂರು: ಬಟ್ಟೆ, ಪ್ರಿಂಟು, ಕಸೂತಿ ದಾರ.

ಬಟ್ಟೆಯ ವಿಷಯ ಒಳಗಿನ ಲೇಬಲ್ಲಿನಲ್ಲಿರುತ್ತದೆ. ನೂರಕ್ಕೆ ನೂರು ಹತ್ತಿಯಾದರೆ ನೇರ ಮುಂದಕ್ಕೆ. ಹತ್ತಿ–ಪಾಲಿಯೆಸ್ಟರ್ ಮಿಶ್ರಣವಾದರೆ ಹತ್ತಿಯ ಪಾಲಿಗೆ ಮಾತ್ರ ಬಣ್ಣ ಹಿಡಿದು, ಕಡುನೀಲಿ ಹಾಕಿದ್ದು ಹೊಗೆನೀಲಿಯಾಗಿ ಬರುತ್ತದೆ. ಕ್ರಿಕೆಟ್ ತಂಡದ ಜೆರ್ಸಿಯಂತೆ ಪೂರ್ತಿ ಪಾಲಿಯೆಸ್ಟರ್ ಆದರೆ ಈ ಲೇಖನದಿಂದ ನಿಮಗೆ ಉಪಯೋಗವಿಲ್ಲ. ಪಾಲಿಯೆಸ್ಟರಿಗೆ ಬಣ್ಣ ಹಾಕುವುದು ಡಿಸ್ಪರ್ಸ್ ಡೈಯಲ್ಲಿ, ಕಾರ್ಖಾನೆಯಲ್ಲಾದರೆ 130 ಡಿಗ್ರಿಯ ಒತ್ತಡದ ಪಾತ್ರೆಯಲ್ಲಿ. ಅಲ್ಲಿ ಪಾಲಿಯೆಸ್ಟರ್ ಕಸೂತಿಯೂ ಬಣ್ಣ ಕುಡಿಯುತ್ತದೆ, ಪ್ರಿಂಟೂ ಕುಡಿಯುತ್ತದೆ. ಲೇಬಲ್ ಕತ್ತರಿಸಿ ಹಾಕಿದ್ದರೆ ಒಳಹೊಲಿಗೆಯ ಅಂಚಿನಿಂದ ಬಟ್ಟೆಯ ಒಂದೆಳೆ ಎಳೆದು ಸುಟ್ಟು ನೋಡಿ. ಸುಡುವ ಪರೀಕ್ಷೆಯನ್ನು ಕೆಳಗೆ ಹೇಳಿದ್ದೇನೆ.

ಪ್ರಿಂಟಿನ ಮೇಲೆ ಬೆರಳಾಡಿಸಿ. ಬಟ್ಟೆಯ ಮೇಲೆ ತೆಳ್ಳನೆ ಪದರ ಕೂತಂತಿದ್ದು, ಎಳೆದರೆ ರಬ್ಬರಿನಂತೆ ಹಿಗ್ಗಿದರೆ ಅದು ಸ್ಕ್ರೀನ್ ಪ್ರಿಂಟಿನವರು ರಬ್ಬರ್ ಪ್ರಿಂಟ್, ಪ್ಲಾಸ್ಟಿಸಾಲ್ ಎಂದು ಕರೆಯುವ ಬಗೆಯದು. ನುಣುಪಾಗಿ ಸ್ಟಿಕ್ಕರ್ ಅಂಟಿಸಿದಂತಿದ್ದರೆ ಈಗ ಸಣ್ಣ ಅಂಗಡಿಗಳಲ್ಲೆಲ್ಲ ಮಾಡುವ ಡಿಟಿಎಫ್ ಅಥವಾ ವಿನೈಲ್. ಎರಡಕ್ಕೂ ರಿಯಾಕ್ಟಿವ್ ಬಣ್ಣ ಹಿಡಿಯುವುದಿಲ್ಲ. ಆದರೆ ಡಿಟಿಎಫ್ ನಿಂತಿರುವುದು ಬಿಸಿಗೆ ಕರಗುವ ಅಂಟಿನ ಮೇಲೆ ಎಂಬುದು ನೆನಪಿರಲಿ, ತೊಳೆಯುವಾಗ ಬೇಕಾಗುತ್ತದೆ. ಕೈಗೆ ಏನೂ ತಾಗದೆ, ಅಕ್ಷರ ಬಟ್ಟೆಯೊಳಗೇ ಇದ್ದಂತಿದ್ದರೆ ಅದರ ಮೇಲೆ ಒಂದು ಹನಿ ನೀರು ಬಿಡಿ. ಮಣಿಯಂತೆ ನಿಂತರೆ ಒಳ್ಳೆಯದು. ಹೀರಿಕೊಂಡರೆ ನೀರಿನ ಜತೆ ಬಣ್ಣವೂ ಹಾಗೇ ಒಳಗೆ ಹೋಗುತ್ತದೆ. ಅಂಥ ಪ್ರಿಂಟಿನಲ್ಲಿ ತಿಳಿ ಬಣ್ಣಗಳು ಉಳಿಯುವುದಿಲ್ಲ, ಕಪ್ಪು ಮಾತ್ರ ಉಳಿದೀತು.

ಪದರ ಗಟ್ಟಿಯಾಗಿದ್ದರೂ ಮೋಸವಾಗುವ ಜಾಗಗಳಿವೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಕೆಟ್ಟ ಮೇಲೆ ಗೊತ್ತಾಗುತ್ತದೆ.

ಒಂದು, ಬಿಳಿ ಅಥವಾ ತಿಳಿ ಬಟ್ಟೆಗೆ ಮಾಡಿದ ಪ್ರಿಂಟಿನ ಅಡಿಯಲ್ಲಿ ಬಿಳಿ ಅಸ್ತರು ಇರುವುದಿಲ್ಲ. ಕಪ್ಪು ಬಟ್ಟೆಯ ಮೇಲೆ ಹಳದಿ ಅಚ್ಚು ಹಾಕುವವರು ಮೊದಲು ಬಿಳಿ ಹಾಕಿ ಅದರ ಮೇಲೆ ಹಳದಿ ಹಾಕುತ್ತಾರೆ. ಕೆನೆಬಣ್ಣದ ಬಟ್ಟೆಗೆ ಆ ಖರ್ಚು ಯಾಕೆ ಎಂದು ನೇರ ಹಳದಿಯನ್ನೇ ಎಳೆಯುತ್ತಾರೆ. ಆ ಹಳದಿ ಹಳದಿಯಾಗಿ ಕಾಣುತ್ತಿರುವುದು ಕೆಳಗಿನ ಬಟ್ಟೆ ಬೆಳ್ಳಗಿರುವುದರಿಂದ. ಹಿಂಬದಿಯಿಂದ ಬಣ್ಣ ಬಂದು ಆ ಬಟ್ಟೆ ನೀಲಿಯಾದರೆ, ಪ್ರಿಂಟಿಗೆ ಒಂದು ಗೀರೂ ಬೀಳದಿದ್ದರೂ ಹಳದಿ ಮಾಸಲು ಹಸಿರಾಗಿ ಕಾಣುತ್ತದೆ. ಪರೀಕ್ಷೆ ಸುಲಭ. ಟಿ-ಶರ್ಟ್ ತಿರುವಿ, ಯಾವುದಾದರೂ ಅಕ್ಷರದ ಹಿಂಬದಿಗೆ ಕಪ್ಪು ಮಾರ್ಕರಿನಿಂದ ಸಾಸಿವೆಯಷ್ಟು ಚುಕ್ಕೆ ಇಡಿ, ಆಮೇಲೆ ಮುಂದಿನಿಂದ ನೋಡಿ. ಚುಕ್ಕೆ ಕಂಡರೆ ಪ್ರಿಂಟು ಪಾರದರ್ಶಕ, ಕಡುಬಣ್ಣದ ಆಸೆ ಬಿಡಿ. ಬಟ್ಟೆಗೆ ಹೇಗೂ ಬಣ್ಣ ಹಾಕುವವರು, ಒಳಗಿನ ಚುಕ್ಕೆಗೆ ಹೆದರಬೇಕಿಲ್ಲ.

ಎರಡು, ಚಿತ್ರದಲ್ಲಿ ಬಟ್ಟೆಯದೇ ಬಣ್ಣವನ್ನು ಬಳಸಿಕೊಂಡಿರುವುದು. ಮುಖದ ಚಿತ್ರದಲ್ಲಿ ಕಣ್ಣಿನ ಬಿಳಿ, ಹಲ್ಲು, ಬಾವುಟದ ನಡುವಿನ ಬಿಳಿ ಪಟ್ಟೆ, ಇವನ್ನು ಎಷ್ಟೋ ಸಲ ಅಚ್ಚು ಹಾಕದೆ ಖಾಲಿ ಬಿಟ್ಟಿರುತ್ತಾರೆ. ಬಟ್ಟೆ ನೀಲಿಯಾದರೆ ಹಲ್ಲೂ ನೀಲಿ. ಮೂರು, ಹಳೇ ಪ್ರಿಂಟಿನ ಬಿರುಕು. ಅಕ್ಷರವನ್ನು ಎರಡೂ ಕಡೆಯಿಂದ ಮೆಲ್ಲಗೆ ಎಳೆದರೆ ಕೂದಲೆಳೆಯಂಥ ಗೆರೆಗಳು ಬಾಯಿ ಬಿಡುತ್ತವೆ. ಈಗ ಅದರೊಳಗೆ ಕಾಣುವುದು ಕೆನೆಬಣ್ಣ, ನಾಳೆ ಕಾಣುವುದು ಕಡುನೀಲಿ. ಹಿಂದೆ ಕಣ್ಣಿಗೆ ಬೀಳದ ಬಿರುಕು ಆಗ ಎದ್ದು ಕಾಣುತ್ತದೆ.

ಈ ಟಿ-ಶರ್ಟಿನ ಕೆಂಪು ಅಕ್ಷರ ಮಾರ್ಕರಿನ ಪರೀಕ್ಷೆಯಲ್ಲಿ ಪಾಸಾಯಿತು. ಸಂಘದ 'ಘ'ಕಾರದ ತಿರುವಿನಲ್ಲಿ ಎರಡು ಬಿರುಕಿದ್ದವು, ಅವನ್ನು ಅವಳಿಗೆ ತೋರಿಸಿ ಒಪ್ಪಿಸಿದೆ.

ಕಸೂತಿ ದಾರ: ಕಡ್ಡಿ ಗೀರಿ ನೋಡಿ

ಮಷೀನ್ ಕಸೂತಿಗೆ ಹೆಚ್ಚಾಗಿ ಬಳಸುವ ದಾರ ಎರಡು ಬಗೆ, ಪಾಲಿಯೆಸ್ಟರ್ ಮತ್ತು ರೇಯಾನ್. ಎರಡೂ ರೇಷ್ಮೆಯಂತೆ ಹೊಳೆಯುತ್ತವೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಬಣ್ಣದ ಬಕೆಟ್ಟಿನಲ್ಲಿ ಮಾತ್ರ ಅವೆರಡೂ ಪೂರ್ತಿ ಬೇರೆ. ರೇಯಾನ್ ಮಾಡುವುದು ಮರದ ತಿರುಳಿನಿಂದ, ಅಂದರೆ ಅದೂ ಸೆಲ್ಯುಲೋಸ್. ಹತ್ತಿಗಿಂತ ಗಾಢವಾಗಿಯೇ ಬಣ್ಣ ಕುಡಿಯುತ್ತದೆ. ಇದನ್ನು ನಾನು ಕಲಿತದ್ದು ನನ್ನದೇ ಕುರ್ತಾದಿಂದ. ಕತ್ತಿನ ಸುತ್ತ ಬಿಳಿ ಬಳ್ಳಿ ಕಸೂತಿ ಇದ್ದ ತಿಳಿ ಬೂದು ಕುರ್ತಾಕ್ಕೆ ಕಡುನೀಲಿ ಹಾಕಿದೆ. ದಾರ ಹೊಳೆಯುತ್ತದೆ, ಪಾಲಿಯೆಸ್ಟರೇ ಇರಬೇಕು ಎಂಬ ಧೈರ್ಯ. ತೆಗೆದು ನೋಡಿದರೆ ಬಳ್ಳಿ ಬಟ್ಟೆಗಿಂತ ಒಂದು ಕೈ ಮೇಲೆ ನೀಲಿ. ಬಳ್ಳಿ ಅಲ್ಲೇ ಇತ್ತು, ಕತ್ತಲಲ್ಲಿ ಕೈಯಾಡಿಸಿದರೆ ಗೊತ್ತಾಗುವಂತೆ.

ಆದ್ದರಿಂದ ಕಸೂತಿಯ ಹಿಂಬದಿ ತಿರುವಿ. ಮೇಲಿನ ದಾರದ ತುದಿಗಳು ಅಲ್ಲಲ್ಲಿ ಇಣುಕುತ್ತಿರುತ್ತವೆ. ಒಂದನ್ನು ಅರ್ಧ ಅಂಗುಲ ಕತ್ತರಿಸಿ ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ, ಬೆಂಕಿಕಡ್ಡಿಯ ಉರಿಗೆ ತಾಗಿಸಿ. ರೇಯಾನ್ ಆದರೆ ಕಾಗದದಂತೆ ಭಗ್ಗೆಂದು ಉರಿದು, ಕಾಗದ ಸುಟ್ಟ ವಾಸನೆ ಬಂದು, ಊದಿದರೆ ಹಾರುವ ಬೂದಿ ಉಳಿಯುತ್ತದೆ. ಹತ್ತಿಯೂ ಹೀಗೇ. ಪಾಲಿಯೆಸ್ಟರ್ ಉರಿಯಿಂದ ಹಿಂದೆ ಸರಿದು ಮುದುಡಿ, ಕರಗಿ, ಆರಿದ ಮೇಲೆ ತುದಿಯಲ್ಲಿ ಕಪ್ಪು ಮಣಿಯೊಂದು ಉಳಿಯುತ್ತದೆ. ಉಗುರಿನಿಂದ ಒತ್ತಿದರೆ ಪುಡಿಯಾಗುವುದಿಲ್ಲ. ಬಿಸಿ ಇರುವಾಗ ಮುಟ್ಟಬೇಡಿ, ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ.

ಒಂದು ಎಚ್ಚರಿಕೆ. ಹಿಂಬದಿಯಲ್ಲಿ ಎದ್ದು ಕಾಣುವ ತೆಳ್ಳನೆ ಬಿಳಿ ದಾರ ಬಾಬಿನ್ನಿನದು. ಅದು ಪಾಲಿಯೆಸ್ಟರ್ ಎಂದು ಮೇಲಿನದೂ ಅದೇ ಎಂದುಕೊಳ್ಳಬೇಡಿ. ಮುಂದಿನಿಂದ ಕಾಣುವ ಹೊಳಪಿನ ದಾರವನ್ನೇ ಸುಡಬೇಕು. ನಮ್ಮ ತೋಳಿನ ಲಾಂಛನದ ದಾರ ಕಪ್ಪು ಮಣಿಯಾಯಿತು. ಸಂತೋಷ.

ರೇಯಾನ್ ಬಂದರೆ ಏನು ಮಾಡುವುದು? ಬಾಟಿಕ್ಕಿನಂತೆ ಎರಡೂ ಕಡೆ ಬಿಸಿ ಮೇಣ ಕುಡಿಸಬಹುದು. ಆದರೆ ಮೇಣ ಕಸೂತಿಯಿಂದಾಚೆ ಒಂದೆರಡು ಕೂದಲೆಳೆ ಹರಡಿಯೇ ಹರಡುತ್ತದೆ, ಲಾಂಛನದ ಸುತ್ತ ಹಳೇ ಬಣ್ಣದ ಅಂಚು ನಿಲ್ಲುತ್ತದೆ. ಆಮೇಲೆ ಮೇಣ ತೆಗೆಯಲು ಕಾಗದದ ನಡುವೆ ಇಸ್ತ್ರಿ ಒತ್ತಬೇಕು, ಪಕ್ಕದಲ್ಲೇ ರಬ್ಬರ್ ಪ್ರಿಂಟಿದ್ದರೆ ಅದು ಹಾಳು. ನಾನಾದರೆ ಅದಕ್ಕೆ ಕೈ ಹಾಕುವುದಿಲ್ಲ. ಕಸೂತಿ ಬಣ್ಣ ಕುಡಿಯಲಿ ಎಂದು ಬಿಟ್ಟು, ಅದೇ ಲಾಂಛನವನ್ನು ಬೇರೆ ಬಟ್ಟೆಯ ಮೇಲೆ ಪಾಲಿಯೆಸ್ಟರ್ ದಾರದಲ್ಲಿ ಹೊಲಿಸಿ ತೇಪೆಯಂತೆ ಮೇಲೆ ಕೂರಿಸುತ್ತೇನೆ.

ಯಾವ ಬಣ್ಣ?

ಬಣ್ಣ ಹಾಕುವುದು ಎಂದರೆ ಇರುವ ಬಣ್ಣದ ಮೇಲೆ ಇನ್ನೊಂದನ್ನು ಕೂಡಿಸುವುದು. ತಿಳಿಯಿಂದ ಗಾಢಕ್ಕೆ ಹೋಗಬಹುದು, ಗಾಢದಿಂದ ತಿಳಿಗೆ ಬರಲಾಗದು. ಹಳದಿಗೆ ನೀಲಿ ಹಾಕಿದರೆ ಹಸಿರು, ಕೆಂಪಿಗೆ ಹಾಕಿದರೆ ನೇರಳೆ. ಮೊದಲು ಬ್ಲೀಚ್ ಮಾಡಿ ಬಿಳಿ ಮಾಡಿಕೊಳ್ಳೋಣ ಎನ್ನುವವರಿದ್ದಾರೆ. ಬ್ಲೀಚಿಗೆ ಪ್ರಿಂಟೂ ಬಟ್ಟೆಯೂ ಒಂದೇ, ಅಕ್ಷರ ಉಳಿಸಬೇಕೆಂದಿದ್ದರೆ ಅದರ ಹತ್ತಿರ ಸುಳಿಯಬೇಡಿ.

ನೇವಿ ಬ್ಲೂ ಬಗ್ಗೆ ನಾನು ಅವಳಿಗೆ ಕೇಳಿದ್ದು ಒಂದೇ ಪ್ರಶ್ನೆ: "ಬೆನ್ನ ಮೇಲಿನ ಹೆಸರೆಲ್ಲ ಕಪ್ಪಲ್ವೇನೇ?" ಕಡುನೀಲಿಯ ಮೇಲೆ ಕಪ್ಪು ಅಕ್ಷರಗಳು ಕೆಡದೆ ಹಾಗೇ ಇರುತ್ತವೆ, ಆದರೆ ಓದಲು ಆಗುವುದಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕೊನೆಗೆ ನಡುವಿನ ನೀಲಿಗೆ ಇಳಿದೆವು, ಎರಡು ಮೂರು ವರ್ಷ ಒಗೆದ ಜೀನ್ಸಿನಂಥದ್ದು. ಕಪ್ಪು ಓದಲು ಬರುತ್ತದೆ, ಕೆಂಪು ಎದ್ದು ಕಾಣುತ್ತದೆ, ಬಿಳಿ ಕಸೂತಿ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ. ಚಹಾ ಕಲೆ ಪೂರ್ತಿ ಮಾಯವಾಗದು, ಅದಿರುವ ಜಾಗ ಸ್ವಲ್ಪ ಮಬ್ಬಾಗಿ ಉಳಿದೀತು ಎಂದೂ ಹೇಳಿದೆ.

ಸಾಮಾನು ಮತ್ತು ಅಳತೆ

ಎಲ್ಲ ಅಳತೆಯೂ ಒಣ ಬಟ್ಟೆಯ ತೂಕದಿಂದ ಹೊರಡುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಈ ಟಿ-ಶರ್ಟ್ 190 ಗ್ರಾಂ ತೂಗಿತು. ಅದಕ್ಕೆ ನಾನು ತೆಗೆದುಕೊಂಡದ್ದು ಇಷ್ಟು:

- ನೀರು 4 ಲೀಟರ್ (ಬಟ್ಟೆಯ ತೂಕದ ಸುಮಾರು 20 ಪಟ್ಟು)
- ನೀಲಿ ರಿಯಾಕ್ಟಿವ್ ಕೋಲ್ಡ್ ಬ್ರ್ಯಾಂಡ್ ಪುಡಿ 4 ಗ್ರಾಂ (ಬಟ್ಟೆಯ ತೂಕದ ನೂರಕ್ಕೆ ಎರಡು)
- ಅಡುಗೆ ಉಪ್ಪು 240 ಗ್ರಾಂ (ಲೀಟರಿಗೆ 60)
- ಸೋಡಾ ಆಶ್ ಎಂಬ ಬಟ್ಟೆ ಸೋಡಾದ ಪುಡಿ 40 ಗ್ರಾಂ (ಲೀಟರಿಗೆ 10)

ತಿಳಿ ಬಣ್ಣಕ್ಕೆ ಪುಡಿ ನೂರಕ್ಕೆ ಒಂದಾದರೆ ಸಾಕು, ಕಡುನೀಲಿಗೆ ನಾಲ್ಕು, ಕಪ್ಪಿಗೆ ಆರೇಳು ಬೇಕು. ಅಂಗಡಿಯಲ್ಲಿ ಕೇಳುವಾಗ 'ರಿಯಾಕ್ಟಿವ್, ಕೋಲ್ಡ್ ಬ್ರ್ಯಾಂಡ್' ಎಂದೇ ಕೇಳಿ. ಹಾಟ್ ಬ್ರ್ಯಾಂಡ್ ಎಂಬುದೂ ಇದೆ, ಅದಕ್ಕೆ 80 ಡಿಗ್ರಿ ಬಿಸಿ ಬೇಕು, ನಮಗೆ ಬೇಡ.

ಹೆಚ್ಚು ಜನ ಎಡವುವುದು ಸೋಡಾದಲ್ಲಿ. ಅಡುಗೆ ಸೋಡಾ ಬೇರೆ, ಬಟ್ಟೆ ಸೋಡಾ ಬೇರೆ. ಅಡುಗೆ ಸೋಡಾದ ಕ್ಷಾರ ಸಾಲದು, ಅದನ್ನು ಹಾಕಿದರೆ ಬಣ್ಣ ಹಿಡಿದಂತೆ ಕಂಡು ತೊಳೆದಾಗ ಮುಕ್ಕಾಲು ಪಾಲು ಚರಂಡಿಗೆ ಹೋಗುತ್ತದೆ. ಬಟ್ಟೆ ಸೋಡಾದಲ್ಲೂ ಎರಡು ರೂಪ. ಒಣ ಬಿಳಿ ಪುಡಿಯಾದರೆ ಮೇಲಿನ ಅಳತೆ ಸರಿ. ಗಾಜಿನಂಥ ಹರಳಾದರೆ ಅದರೊಳಗೆ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ, 40 ಗ್ರಾಂ ಪುಡಿಯ ಬದಲು ಸುಮಾರು 110 ಗ್ರಾಂ ಹರಳು ಬೇಕು.

ಉಪ್ಪು ಬಣ್ಣವನ್ನು ನೀರಿನಿಂದ ಬಟ್ಟೆಯ ಕಡೆಗೆ ತಳ್ಳುತ್ತದೆ, ಸೋಡಾ ಅದನ್ನು ಬಟ್ಟೆಗೆ ಬೆಸೆಯುತ್ತದೆ. ಆದ್ದರಿಂದಲೇ ಉಪ್ಪು ಮೊದಲು, ಸೋಡಾ ಆಮೇಲೆ. ನೀರು ಬೋರ್‌ವೆಲ್‌ನದಾದರೆ ಅದರ ಸುಣ್ಣದಂಶ ಸೋಡಾದ ಜತೆ ಸೇರಿ ಬಿಳಿ ಪುಡಿಯಾಗಿ ಬಟ್ಟೆಯ ಮೇಲೆ ಕೂರುತ್ತದೆ, ಬಣ್ಣ ಮಂಕಾಗುತ್ತದೆ. ಬಣ್ಣ ಹಾಕುವ ನಾಲ್ಕು ಲೀಟರನ್ನಾದರೂ ಆರ್‌ಒ ಫಿಲ್ಟರಿನಿಂದ ಹಿಡಿದುಕೊಳ್ಳಿ. ತೊಳೆಯುವುದಕ್ಕೆ ಯಾವ ನೀರಾದರೂ ನಡೆಯುತ್ತದೆ.

ಪಾತ್ರೆ ಪ್ಲಾಸ್ಟಿಕ್ಕಿನದೋ ಸ್ಟೀಲಿನದೋ ಆಗಿರಲಿ. ಅಲ್ಯೂಮಿನಿಯಮ್ಮನ್ನು ಸೋಡಾ ತಿನ್ನುತ್ತದೆ. ಒಮ್ಮೆ ಬಣ್ಣಕ್ಕೆ ಬಳಸಿದ ಬಕೆಟ್, ಚಮಚ ಮತ್ತೆ ಅಡುಗೆಮನೆಗೆ ಬರಬಾರದು. ಪುಡಿ ಅಳೆಯುವಾಗ ಫ್ಯಾನ್ ಆರಿಸಿ, ಮಾಸ್ಕ್ ಹಾಕಿ, ಕೈಗೆ ಗ್ಲೌಸ್ ಹಾಕಿ. ಈ ಪುಡಿ ಪದೇ ಪದೇ ಉಸಿರಿಗೆ ಹೋದರೆ ಉಬ್ಬಸದ ತೊಂದರೆ ಅಂಟಿಕೊಳ್ಳಬಹುದು. ನೀರಿನಲ್ಲಿ ಕರಗಿದ ಮೇಲೆ ಆ ಭಯವಿಲ್ಲ.

ಬಣ್ಣ ಹಾಕುವುದು

ಹಿಂದಿನ ದಿನವೇ ಟಿ-ಶರ್ಟನ್ನು ಸೋಪಿನ ಪುಡಿ, ಅರ್ಧ ಚಮಚ ಬಟ್ಟೆ ಸೋಡಾ ಹಾಕಿ ಬೆಚ್ಚಗಿನ ನೀರಿನಲ್ಲಿ ಒಗೆಯಿರಿ. ಕಂಫರ್ಟ್ ಥರದ್ದೇನೂ ಹಾಕಬೇಡಿ. ಕಂಕುಳ ಬೆವರು, ಕತ್ತಿನ ಎಣ್ಣೆ, ಹಳೇ ಸಾಫ್ಟ್‌ನರ್ ಉಳಿದಲ್ಲೆಲ್ಲ ಬಣ್ಣ ಹಿಡಿಯದೆ ತೇಪೆ ತೇಪೆಯಾಗುತ್ತದೆ. ಸ್ವಚ್ಛವಾದ ಬಟ್ಟೆಯ ಮೇಲೆ ಹನಿ ನೀರು ಬಿಟ್ಟರೆ ತಕ್ಷಣ ಇಂಗಬೇಕು. ಬಟ್ಟೆ ಒದ್ದೆಯಿದ್ದಾಗಲೇ ಬಣ್ಣಕ್ಕೆ ಹಾಕಿದರೆ ಸಮನಾಗಿ ಹಿಡಿಯುತ್ತದೆ.

ಪುಡಿಯನ್ನು ಮೊದಲು ಎರಡು ಚಮಚ ತಣ್ಣೀರಿನಲ್ಲಿ ಕಲಸಿ, ಹಿಟ್ಟು ಕಲಸುವಂತೆ ಗಂಟಿಲ್ಲದೆ ನುಣ್ಣಗೆ ಮಾಡಿ, ಆಮೇಲೆ ಒಂದು ಲೋಟ ಬೆಚ್ಚನೆ ನೀರು ಸೇರಿಸಿ ಹಳೇ ಪಂಚೆಯ ತುಂಡಿನಲ್ಲಿ ಸೋಸಿ. ಕರಗದೆ ಉಳಿದ ಒಂದು ಕಣ ಬಟ್ಟೆಯ ಮೇಲೆ ಕಾಸಿನಗಲ ಕಲೆ ಮಾಡುತ್ತದೆ. ಬಕೆಟ್ಟಿನ ಉಳಿದ ನೀರು ಮೈಗೆ ಹಿತವೆನಿಸುವಷ್ಟು ಬೆಚ್ಚಗಿರಲಿ, 35 ಡಿಗ್ರಿಯ ಆಸುಪಾಸು. ಅದರಲ್ಲಿ ಉಪ್ಪು ಪೂರ್ತಿ ಕರಗಿಸಿ ಬಣ್ಣ ಬೆರೆಸಿ.

ಒದ್ದೆ ಟಿ-ಶರ್ಟನ್ನು ಬಿಡಿಸಿ ಒಳಗೆ ಇಳಿಸಿ, ಇಪ್ಪತ್ತು ನಿಮಿಷ ಕೈಯಾಡಿಸುತ್ತಲೇ ಇರಿ. ಜತೆಗೆ ಹಳೇ ಬಿಳಿ ಬನಿಯನ್ನಿನ ಒಂದು ಪಟ್ಟಿಯನ್ನೂ ಹಾಕಿ. ಬಣ್ಣ ಹೇಗೆ ಬರುತ್ತಿದೆ ಎಂದು ಅದರ ತುದಿ ಕತ್ತರಿಸಿ, ತೊಳೆದು, ಒಣಗಿಸಿ ನೋಡಬಹುದು. ಒದ್ದೆಯಿದ್ದಾಗ ಕಾಣುವ ಬಣ್ಣವನ್ನು ನಂಬಬೇಡಿ, ಒಣಗಿದ ಮೇಲೆ ಅದು ಬಹಳಷ್ಟು ತಿಳಿಯಾಗುತ್ತದೆ.

ಇಪ್ಪತ್ತು ನಿಮಿಷವಾದ ಮೇಲೆ ಸೋಡಾವನ್ನು ಅರ್ಧ ಲೀಟರ್ ಬೆಚ್ಚಗಿನ ನೀರಿನಲ್ಲಿ ಬೇರೆಯಾಗಿ ಕರಗಿಸಿಕೊಳ್ಳಿ. ನಾಲ್ಕು ಲೀಟರಿನ ಲೆಕ್ಕದಲ್ಲಿ ಈ ನೀರನ್ನು ಮೊದಲೇ ಎತ್ತಿಟ್ಟುಕೊಂಡಿರಬೇಕು. ಟಿ-ಶರ್ಟನ್ನು ಒಂದು ಕಡೆಗೆ ಸರಿಸಿ ಹಿಡಿದು, ಬಟ್ಟೆಯ ಮೇಲೆ ನೇರ ಬೀಳದಂತೆ ಎರಡು ಮೂರು ಕಂತಿನಲ್ಲಿ ಸುರಿದು ಕಲಕಿ. ನೇರ ಸುರಿದರೆ ಬಿದ್ದ ಜಾಗದಲ್ಲೇ ಬಣ್ಣ ಗಕ್ಕನೆ ಕಚ್ಚಿಕೊಳ್ಳುತ್ತದೆ, ಆ ಕಲೆ ಜನ್ಮಕ್ಕೂ ಹೋಗದು. ಮೊದಲ ಹದಿನೈದು ನಿಮಿಷ ಬಿಡದೆ ಕೈಯಾಡಿಸಿ, ಆಮೇಲೆ ಐದು ನಿಮಿಷಕ್ಕೊಮ್ಮೆ. ಒಟ್ಟು ಒಂದು ಗಂಟೆ. ಬಟ್ಟೆ ನೀರಿನ ಮೇಲೆ ಉಬ್ಬಿ ತೇಲದಂತೆ ಒತ್ತುತ್ತಿರಿ.

ಈ ಹೊತ್ತಿನಲ್ಲಿ ಪ್ರಿಂಟನ್ನು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಕಸೂತಿ ನೀಲಿ, ಕೆಂಪು ಅಕ್ಷರ ನೇರಳೆ, ಎಲ್ಲ ಮುಗಿಯಿತು ಎನಿಸುತ್ತದೆ. ಅದು ದಾರದ ಸಂದಿಯಲ್ಲಿ, ಪದರದ ಮೇಲೆ ನಿಂತ ಬಣ್ಣದ ನೀರು ಅಷ್ಟೆ. ಉಜ್ಜಲು ಹೋಗಬೇಡಿ. ಬಣ್ಣ ಸಾಲದೆನಿಸಿ ಗಂಟೆ ಕಳೆದ ಮೇಲೆ ಇನ್ನಷ್ಟು ಹೊತ್ತು ನೆನೆಸುವುದರಿಂದಲೂ ಪ್ರಯೋಜನವಿಲ್ಲ. ಸೋಡಾ ಸೇರಿದ ಬಣ್ಣ ಬಟ್ಟೆಯ ಜತೆ ಬೆರೆಯುವ ಹಾಗೆಯೇ ನೀರಿನ ಜತೆಗೂ ಬೆರೆತು ಸತ್ತುಹೋಗುತ್ತದೆ. ಉಳಿದ ಬಣ್ಣದ ನೀರನ್ನು ನಾಳೆಗೆ ಎತ್ತಿಡುವುದೂ ವ್ಯರ್ಥ. ಅದನ್ನು ಗಿಡಕ್ಕೆ ಸುರಿಯಬೇಡಿ, ಉಪ್ಪು, ಕ್ಷಾರ ಎರಡೂ ಇವೆ.

ತೊಳೆಯುವುದೇ ಅರ್ಧ ಕೆಲಸ

ಸತ್ತ ಬಣ್ಣ ಬಟ್ಟೆಗೆ ಬೆಸೆದಿರುವುದಿಲ್ಲ, ಸುಮ್ಮನೆ ಅಂಟಿಕೊಂಡಿರುತ್ತದೆ. ಅದನ್ನು ಪೂರ್ತಿ ತೆಗೆಯದಿದ್ದರೆ ಬಿಳಿ ಕಸೂತಿ ತಿಳಿನೀಲಿಯಾಗಿಯೇ ಉಳಿಯುತ್ತದೆ. ಪ್ರಿಂಟು ಕೆಟ್ಟಿತು ಎಂದು ದೂರುವವರಲ್ಲಿ ಅರ್ಧ ಜನ ಸರಿಯಾಗಿ ತೊಳೆಯದವರು.

ಮೊದಲು ತಣ್ಣೀರಿನಲ್ಲಿ ಮೂರು ನಾಲ್ಕು ಸಲ ಜಾಲಿಸಿ. ಉಪ್ಪು, ಸೋಡಾ ಹೋಗಬೇಕು, ಉಪ್ಪಿರುವವರೆಗೆ ಬಣ್ಣ ಬಿಡುವುದಿಲ್ಲ. ಹಿಂಡಿ ಮುದ್ದೆ ಮಾಡಿ ಪಕ್ಕಕ್ಕಿಟ್ಟು ಊಟಕ್ಕೆ ಹೋಗಬೇಡಿ. ಮುದ್ದೆಯಲ್ಲಿ ಬಣ್ಣದ ಬಟ್ಟೆ ಕಸೂತಿಯ ಮೇಲೆ ಒತ್ತಿ ಕೂರುತ್ತದೆ.

ಆಮೇಲೆ ಬಿಸಿನೀರು. ಬರೀ ಬಣ್ಣದ ಬಟ್ಟೆಯಾದರೆ ಸೋಪು ಹಾಕಿ ಕುದಿಸುತ್ತೇವೆ, ಇಲ್ಲಿ ಪ್ರಿಂಟಿರುವುದರಿಂದ 60 ಡಿಗ್ರಿಗೆ ನಿಲ್ಲಬೇಕು. ಥರ್ಮಾಮೀಟರ್ ಬೇಕಿಲ್ಲ, ಕುದಿವ ನೀರು ಒಂದು ಪಾಲು, ನಲ್ಲಿಯ ನೀರು ಒಂದು ಪಾಲು ಬೆರೆಸಿದರೆ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತದೆ. ಒಂದು ಚಮಚ ಲಿಕ್ವಿಡ್ ಡಿಟರ್ಜೆಂಟ್ ಹಾಕಿ, ಟಿ-ಶರ್ಟನ್ನು ಒಳಮೈ ಹೊರಗೆ ಮಾಡಿ, ಮಡಿಕೆ ಬೀಳದಂತೆ ಬಿಡಿಸಿ ಹತ್ತು ನಿಮಿಷ ಬಿಡಿ. ಕೋಲಿನಿಂದ ಕದಡಿ, ಪ್ರಿಂಟನ್ನು ಹಿಂಡಬೇಡಿ, ಬಿಸಿಯಲ್ಲಿ ಅದು ಮೆತ್ತಗಿರುತ್ತದೆ. ನೀರು ಚೆಲ್ಲಿ ಮತ್ತೆ ಹೊಸ ಬಿಸಿನೀರು. ನನಗೆ ನಾಲ್ಕು ಸಲ ಬೇಕಾಯಿತು. ಎರಡನೇ ಸಲದ ನೀರು ಶಾಯಿಯಂತಿತ್ತು, ನಾಲ್ಕನೆಯದರಲ್ಲಿ ಬಕೆಟ್ಟಿನ ತಳ ಕಂಡಿತು. ಡಿಟಿಎಫ್ ಅಥವಾ ವಿನೈಲ್ ಆದರೆ 40 ಡಿಗ್ರಿ ದಾಟಬೇಡಿ, ನಾಲ್ಕರ ಬದಲು ಎಂಟು ಸಲ ತೊಳೆಯಿರಿ.

ಸಾಕಾಯಿತೇ ಎಂದು ತಿಳಿಯಲು ಒದ್ದೆ ಬಿಳಿ ಕರವಸ್ತ್ರವನ್ನು ಬಟ್ಟೆಯ ಮೇಲೆ ಹತ್ತು ಸಲ ಒತ್ತಿ ಉಜ್ಜಿ. ನೀಲಿ ಹತ್ತಿದರೆ ಇನ್ನೊಂದು ಸುತ್ತು. ಕಸೂತಿಯಲ್ಲಿ ಇನ್ನೂ ನೀಲಿ ಛಾಯೆ ಉಳಿದಿದ್ದರೆ ಹಳೇ ಮೆತ್ತನೆ ಹಲ್ಲುಜ್ಜುವ ಬ್ರಷ್ಷಿಗೆ ಡಿಟರ್ಜೆಂಟ್ ಹಚ್ಚಿ, ಬಿಸಿನೀರಿನಲ್ಲಿ, ದಾರ ಹೋದ ದಿಕ್ಕಿನಲ್ಲೇ ಎಳೆಯಿರಿ. ಅಡ್ಡ ಉಜ್ಜಿದರೆ ದಾರ ಎದ್ದು ನಯ ಹೋಗುತ್ತದೆ.

ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ. ಇಸ್ತ್ರಿಯೂ ಒಳಮೈಗೇ, ಪ್ರಿಂಟಿರುವ ಜಾಗ ಬಿಟ್ಟು. ಮೊದಲ ಎರಡು ಮೂರು ಒಗೆತ ಬೇರೆ ಬಟ್ಟೆಯ ಜತೆ ಬೇಡ.

ಮಾರನೇ ದಿನ ಅವಳು ಬಂದು ಬೆನ್ನ ಮೇಲಿನ ಹೆಸರುಗಳನ್ನು ಬೆರಳಿಟ್ಟು ಒಂದೊಂದಾಗಿ ಓದಿದಳು. ಎಲ್ಲ ಇದ್ದವು. ತೋಳಿನ ಲಾಂಛನ ಬೆಳ್ಳಗಿತ್ತು. 'ಘ'ಕಾರದ ಬಿರುಕಿನಲ್ಲಿ ಎರಡು ನೀಲಿ ಗೆರೆ, ಹೊಟ್ಟೆಯ ಹತ್ತಿರ ಚಹಾದ ನೆರಳು, ಎರಡೂ ಹೇಳಿದಂತೆಯೇ. ನಾನು ಹೇಳಲು ಮರೆತದ್ದು ಇನ್ನೊಂದಿತ್ತು. ಭುಜದಲ್ಲಿ, ತೋಳಿನ ಅಂಚಿನಲ್ಲಿ, ಕೆಳಮಡಿಕೆಯಲ್ಲಿ ಹೊಲಿಗೆ ದಾರವೆಲ್ಲ ಕೆನೆಬಣ್ಣದಲ್ಲೇ ಉಳಿದು ನೀಲಿಯ ಮೇಲೆ ಗೆರೆ ಎಳೆದಂತೆ ಕಾಣುತ್ತಿತ್ತು. ಟಿ-ಶರ್ಟ್ ಹೊಲಿಯುವ ದಾರ ಹೆಚ್ಚಾಗಿ ಪಾಲಿಯೆಸ್ಟರ್, ಕಸೂತಿಯನ್ನು ಉಳಿಸಿದ ಕಾರಣವೇ ಅದನ್ನೂ ಉಳಿಸಿತು. ಬೇಡವೆಂದರೆ ಬಟ್ಟೆಯ ಮಾರ್ಕರಿನಿಂದ ತುಂಬಬಹುದು ಎಂದೆ.

"ಬೇಡ ಚಿಕ್ಕಪ್ಪ, ಡಿಸೈನ್ ಅಂತ ಹೇಳ್ಕೋತೀನಿ" ಅಂದಳು.